ಕೂಗಿದರೆ ಏನು ಮಾಡುತ್ತೀರಿ?

ನಮ್ಮ ಕಂಟ್ರೋಲ್ ರೂಮಿಗೆ ಮೊದಲ ಸಲ ಬಂದವರೆಲ್ಲ ಗಾಬರಿಯಿಂದ ಕೇಳುವುದು ಒಂದೇ: "ಏನಾದ್ರೂ ಹೆಚ್ಚುಕಡಿಮೆ ಆಗಿದೆಯಾ?" ಏನೂ ಆಗಿರುವುದಿಲ್ಲ. ಅಲಾರಂ ಬಡಿದುಕೊಳ್ಳುತ್ತಿರುತ್ತದೆ, ಅಷ್ಟೆ. ಬೆಳಿಗ್ಗೆ ಪಾಳಿಗೆ ಬಂದು ಕುರ್ಚಿ ಎಳೆದುಕೊಂಡಾಗಲೂ ಬಡಿದುಕೊಳ್ಳುತ್ತಿರುತ್ತದೆ, ಸಂಜೆ ಬ್ಯಾಗು ಹೆಗಲಿಗೇರಿಸುವಾಗಲೂ ಬಡಿದುಕೊಳ್ಳುತ್ತಿರುತ್ತದೆ. ಸದ್ದಡಗಿಸುವ ಗುಂಡಿಯೊಂದಿದೆ. ಅದನ್ನು ಒತ್ತುವುದಕ್ಕೆ ನಮ್ಮಲ್ಲಿ "ನೊಣ ಹೊಡೆಯೋದು" ಅನ್ನುತ್ತಾರೆ. ಒತ್ತೀ ಒತ್ತೀ ಅದರ ಮೇಲಿನ ಅಕ್ಷರ ಅಳಿಸಿಹೋಗಿದೆ. ಕೀಬೋರ್ಡಿನಲ್ಲಿ ಅದೊಂದೇ ಗುಂಡಿ ಬೋಳು.

ನಮ್ಮದು ಕಚ್ಚಾ ಎಣ್ಣೆ ಶುದ್ಧೀಕರಿಸುವ ಕಾರ್ಖಾನೆ. ನಾನು ಬೋರ್ಡ್ ಆಪರೇಟರ್, ಪರದೆಗಳ ಮುಂದೆ ಕೂತು ಇಡೀ ಘಟಕವನ್ನು ನಡೆಸುವವಳು. ಹೊರಗೆ ಪಂಪು ವಾಲ್ವುಗಳ ನಡುವೆ ಓಡಾಡುವವನು ಫೀಲ್ಡ್ ಆಪರೇಟರ್. ನಮ್ಮ ಪಾಳಿಯಲ್ಲಿ ಆ ಕೆಲಸ ನನ್ನ ಸ್ವಂತ ತಮ್ಮನದು. ಕೂತಲ್ಲಿ ಕೂರದವನು, ಆದ್ದರಿಂದ ಎಲ್ಲರ ಬಾಯಲ್ಲೂ ಅವನು ಗಿರಗಿಟ್ಲೆ. "ಅಕ್ಕ ಬಾಯಿ, ತಮ್ಮ ಕಾಲು" ಎಂದು ನಮ್ಮ ಶಿಫ್ಟ್ ಇನ್‌ಚಾರ್ಜ್ ತಮಾಷೆ ಮಾಡುತ್ತಿದ್ದರು. ಹೌದು, ನಾನು ವಾಕಿಟಾಕಿಯಲ್ಲಿ ಹೇಳುತ್ತಿದ್ದೆ, ಅವನು ಓಡುತ್ತಿದ್ದ.

ಅಲಾರಂಗಳಿಗೆ ಒಂದು ಗತಿ ಕಾಣಿಸಬೇಕೆಂದು ಮೇಲಿನವರಿಗೆ ಕೊನೆಗೂ ಅನ್ನಿಸಿ ಸಭೆ ಶುರುವಾಯಿತು. ನಡೆಸುತ್ತಿದ್ದವಳು ಒಬ್ಬ ಇಂಜಿನಿಯರಮ್ಮ. ವಯಸ್ಸು ಚಿಕ್ಕದು, ಹಟ ದೊಡ್ಡದು. ಒಂದೊಂದೇ ಅಲಾರಂ ಗೋಡೆಯ ಮೇಲೆ ತೋರಿಸಿ, "ಇದು ಕೂಗಿದ್ರೆ ನೀವೇನು ಮಾಡ್ತೀರಿ? ಮಾಡೋಕೆ ಎಷ್ಟು ಹೊತ್ತಿದೆ? ಮಾಡದಿದ್ರೆ ಏನಾಗುತ್ತೆ?" ಎಂದು ಕೇಳುವಳು. ಮಾಡುವುದಕ್ಕೆ ಏನೂ ಇಲ್ಲದಿದ್ದರೆ ಅದು ಅಲಾರಂ ಅಲ್ಲ, ಬರೀ ಸುದ್ದಿ. ಸುದ್ದಿಗೆ ಕೂಗುವ ಹಕ್ಕಿಲ್ಲ ಎನ್ನುವುದು ಅವಳ ವಾದ. ಉಳಿದವುಗಳಲ್ಲಿ ತೀರಾ ಕೆಲವಕ್ಕೆ ಮಾತ್ರ ಕೆಂಪು, ಮಿಕ್ಕವಕ್ಕೆ ಹಳದಿ. ನಮ್ಮ ಪರದೆಯಲ್ಲೋ, ಯಾರು ಯಂತ್ರ ತಂದರೋ ಅವರೆಲ್ಲ ತಂತಮ್ಮ ಅಲಾರಂ ಅತಿಮುಖ್ಯ ಎಂದು ಕೆಂಪು ಬಳಿದು ಹೋಗಿದ್ದರು. ಎಣ್ಣೆ ಫಿಲ್ಟರ್ ಕಟ್ಟಿಕೊಂಡರೂ ಕೆಂಪು, ವಿಷಾನಿಲ ಸೋರಿದರೂ ಕೆಂಪು.

ಆ ಸಭೆಯಲ್ಲಿ ಸುರಕ್ಷತಾಧಿಕಾರಿಯೂ ಕೂರುತ್ತಿದ್ದರು. ಒಳ್ಳೆಯ ಮನುಷ್ಯ, ಹುಳಕ್ಕೂ ನೋವು ಮಾಡದವರು. ಆದರೆ ಯಾವ ಅಲಾರಂ ತೆಗೆಯಲು ಹೊರಟರೂ ಅವರ ಬಾಯಿಂದ ಒಂದೇ ಮಾತು: "ಇರಲಿ ಬಿಡಿ. ಒಂದು ಹೆಚ್ಚಿಗೆ ಕೂಗಿದ್ರೆ ನಷ್ಟ ಏನು?"

"ನಷ್ಟ ನಮ್ಮ ಕಿವೀದು ಸಾರ್," ಎಂದೆ ಒಂದು ದಿನ. "ಎಲ್ಲಾ ಕೂಗಿದ್ರೆ ಯಾವುದೂ ಕೇಳಿಸಲ್ಲ."

"ಗಮನ ಇಟ್ಟು ಕೆಲಸ ಮಾಡಿದ್ರೆ ಕೇಳಿಸುತ್ತಮ್ಮ," ಎಂದರು.

ಮೈಯೆಲ್ಲ ಉರಿಯಿತು. ಆ ದಿನ ಗೋಡೆಯ ಮೇಲಿದ್ದುದು ಕೊಳಕು ನೀರಿನ ಪಂಪ್ ಶೆಡ್ಡಿನ ಗ್ಯಾಸ್ ಡಿಟೆಕ್ಟರ್. ಆ ನೀರಿನಲ್ಲಿ ಗಂಧಕದ ವಿಷಾನಿಲ ಕರಗಿರುತ್ತದೆ. ಸ್ವಲ್ಪವೇ ಇದ್ದರೆ ಕೊಳೆತ ಮೊಟ್ಟೆಯ ನಾತ. ಹೆಚ್ಚಾದರೆ ಮೂಗೇ ಸತ್ತುಹೋಗಿ ನಾತವೂ ತಿಳಿಯದು, ಒಂದೆರಡು ಉಸಿರಿಗೆ ಆಳು ಬೀಳುತ್ತಾನೆ. ಶೆಡ್ಡಿನಲ್ಲಿ ನಾಲ್ಕು ಡಿಟೆಕ್ಟರ್. ಅದರಲ್ಲಿ ಮೂರನೆಯದಕ್ಕೆ ಹುಚ್ಚು ಹಿಡಿದು ತಿಂಗಳುಗಳಾಗಿದ್ದವು. ಪಕ್ಕದ ಉಗಿಯ ತೇವ ತಗುಲಿದರೆ ಸಾಕು, ಕೂಗುತ್ತಿತ್ತು, ನಿಲ್ಲಿಸುತ್ತಿತ್ತು, ಮತ್ತೆ ಕೂಗುತ್ತಿತ್ತು.

"ಇದು ಕೂಗಿದ್ರೆ ಏನು ಮಾಡ್ತೀರಿ?" ಎಂದು ಇಂಜಿನಿಯರಮ್ಮ ಕೇಳಿದಾಗ ಬಾಗಿಲ ಬಳಿ ನಿಂತಿದ್ದ ನನ್ನ ತಮ್ಮ, "ಅಕ್ಕ ನೊಣ ಹೊಡೀತಾಳೆ ಮೇಡಂ," ಎಂದ. ಎಲ್ಲರೂ ಗೊಳ್ಳೆಂದು ನಕ್ಕೆವು.

ಅವಳೊಬ್ಬಳು ನಗಲಿಲ್ಲ. "ಹಾಗಿದ್ರೆ ಇವತ್ತೇ ಸೆನ್ಸರ್ ಬದಲಾಯಿಸಿ. ಅಲ್ಲೀವರೆಗೆ ಮೂರನೇದನ್ನ ಲಿಖಿತವಾಗಿ ಬಂದ್ ಮಾಡಿ, ಬೇರೆ ಮೂರು ಇದ್ದಾವಲ್ಲ, ಜೊತೆಗೆ ಕೈಯಲ್ಲಿ ಹಿಡಿದು ಅಳೆಯೋ ಮೀಟರ್ ಇಲ್ಲದೆ ಯಾರನ್ನೂ ಒಳಗೆ ಬಿಡಬೇಡಿ."

"ಗ್ಯಾಸ್ ಅಲಾರಂ ಬಂದ್ ಮಾಡೋದಾ?" ಸುರಕ್ಷತಾಧಿಕಾರಿ ಕುರ್ಚಿಯಿಂದ ಅರ್ಧ ಎದ್ದರು. "ನಾಳೆ ಏನಾದ್ರೂ ಆದ್ರೆ ಯಾರು ಜವಾಬ್ದಾರಿ? ಸೆನ್ಸರ್ ಮುಂದೆ ರಿಪೇರಿಗೆ ಘಟಕ ನಿಲ್ಲಿಸ್ತೀವಲ್ಲ, ಆ ಶಟ್‌ಡೌನಿನಲ್ಲಿ ಹಾಕಿಸೋಣ. ಅಲ್ಲೀವರೆಗೆ ಇರಲಿ ಬಿಡಿ."

ಇತ್ತು.

ಅದಾದ ಮೇಲಿನ ವಾರ, ಮಧ್ಯಾಹ್ನದ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದೆ. ದೀಪಗಳು ಒಮ್ಮೆ ಮಿಟುಕಿದವು. ಹೊರಗಿನ ವಿದ್ಯುತ್ ಲೈನಿನಲ್ಲಿ ಒಂದು ಕ್ಷಣ ವೋಲ್ಟೇಜು ಕುಸಿದಿತ್ತು. ಆ ಒಂದು ಕ್ಷಣಕ್ಕೆ ಮೋಟಾರುಗಳು ಸಾಲಾಗಿ ನಿಂತವು. ಒಂದು ಪಂಪು ನಿಂತರೆ ಅದರ ಒತ್ತಡ ಕಡಿಮೆ ಎಂದು ಒಂದು ಅಲಾರಂ, ಹರಿವು ಕಡಿಮೆ ಎಂದು ಇನ್ನೊಂದು, ಹಿಂದಿನ ಪಾತ್ರೆಯ ಮಟ್ಟ ಏರಿತೆಂದು ಮತ್ತೊಂದು, ಮುಂದಿನದರ ಮಟ್ಟ ಇಳಿಯಿತೆಂದು ಮಗದೊಂದು. ಹತ್ತು ನಿಮಿಷಕ್ಕೆ ಹತ್ತು ಅಲಾರಂ ದಾಟಿದರೇ ಅದನ್ನು ಪ್ರವಾಹ ಎನ್ನಬೇಕಂತೆ. ನನ್ನ ಮುಂದೆ ನಿಮಿಷಕ್ಕೆ ನೂರಾರು ಬಂದವು. ಒಂದು ಸಾಲು ಓದಿ ಮುಗಿಸುವ ಮೊದಲು ಅದು ಪುಟದಿಂದ ಕೆಳಗೆ ಜಾರಿಹೋಗುತ್ತಿತ್ತು. ಸೈರನ್ನಿಗೆ ತಲೆ ಚಿಟ್ಟು ಹಿಡಿದು ಮಾಡಬೇಕಾದ್ದೇ ಹೊಳೆಯುತ್ತಿರಲಿಲ್ಲ. ಬೋಳು ಗುಂಡಿಯ ಮೇಲೆ ಬೆರಳಿಟ್ಟೆ. ಒಂದು ಸಲ ಒತ್ತಿದರೆ ಇಡೀ ಪುಟವೇ "ನೋಡಿದ್ದೇನೆ" ಎಂದಂತೆ. ನಾನು ನೋಡಿರಲಿಲ್ಲ. ಒತ್ತಿದೆ, ಒತ್ತಿದೆ, ಒತ್ತುತ್ತಲೇ ಹೋದೆ.

ಎಣ್ಣೆ ಕಾಯಿಸುವ ಕುಲುಮೆ ಸಂಭಾಳಿಸಬೇಕಿತ್ತು, ಅದು ಮೊದಲು. ಅದು ಹಿಡಿತಕ್ಕೆ ಬಂದಾಗ ಕೊಳಕು ನೀರಿನ ಡ್ರಮ್ಮು ತುಂಬಿ ಬರುತ್ತಿರುವುದು ಕಣ್ಣಿಗೆ ಬಿತ್ತು. ಒಂದು ಪಂಪು ನಿಂತಿತ್ತು. ತಾನಾಗಿ ಶುರುವಾಗಬೇಕಿದ್ದ ಜೋಡಿ ಪಂಪು ಶುರುವಾಗಿರಲಿಲ್ಲ. ವಾಕಿಟಾಕಿ ತೆಗೆದುಕೊಂಡೆ.

"ಗಿರಗಿಟ್ಲೆ, ಕೊಳಕು ನೀರಿನ ಶೆಡ್‌ಗೆ ಓಡು. ಎರಡನೇ ಪಂಪ್ ಕೈಯಿಂದ ಶುರು ಮಾಡು."

"ಹೊರಟೆ ಅಕ್ಕ. ಅಲ್ಲೇನು ಮೂರನೇ ನಂಬರ್ ಕೂಗ್ತಿದೆಯಾ?" ನಗುತ್ತಲೇ ಕೇಳಿದ.

ಪರದೆ ನೋಡಿದೆ. 'ಪಂಪ್ ಶೆಡ್ ಗ್ಯಾಸ್' ಎಂದೇನೋ ಒಂದು ಕೆಂಪು ಸಾಲು ಜಾರಿಹೋಯಿತು. "ಅದು ಯಾವತ್ತು ಕೂಗಿಲ್ಲ ಹೇಳು. ಬೇಗ ಹೋಗು."

ಪಂಪು ಶುರುವಾಗಲಿಲ್ಲ. ಡ್ರಮ್ಮಿನ ಮಟ್ಟ ಏರುತ್ತಲೇ ಇತ್ತು. "ತಲುಪಿದೆಯೇನೋ?" ಎಂದೆ. ಉತ್ತರವಿಲ್ಲ. ಇನ್ನೊಮ್ಮೆ ಕರೆದೆ. ವಾಕಿಟಾಕಿ ಗೊರಗೊರ ಎಂದಿತು, ಅಷ್ಟೆ. ಅಲಾರಂ ಪುಟಗಳನ್ನು ಹಿಂದಕ್ಕೆ ತಿರುವಿದೆ. ಫಿಲ್ಟರು, ಒತ್ತಡ, ಮಟ್ಟ, ಫ್ಯಾನು, ಬಾಗಿಲು, ಮತ್ತೆ ಫಿಲ್ಟರು. ಅವುಗಳ ನಡುವೆ ಪಂಪ್ ಶೆಡ್ ಗ್ಯಾಸ್ ಒಂದು. ಪಂಪ್ ಶೆಡ್ ಗ್ಯಾಸ್ ಎರಡು. ಪಂಪ್ ಶೆಡ್ ಗ್ಯಾಸ್ ನಾಲ್ಕು.

ಮೂರನೆಯದು ಮಾತ್ರ ಆ ದಿನ ಸುಮ್ಮನಿತ್ತು.

ಪಂಪು ನಿಂತ ಹೊಡೆತಕ್ಕೆ ಅದರ ಸೀಲು ಕಿತ್ತುಕೊಂಡು ಶೆಡ್ಡಿನ ತುಂಬ ವಿಷಾನಿಲ ಸೋರುತ್ತಿತ್ತು. ನನ್ನ ತಮ್ಮನನ್ನು ನಾನೇ ಅದರ ಬಾಯಿಗೆ ಕಳಿಸಿದ್ದೆ.

ಹಿಂದೆ ನಿಂತು ಪರದೆ ನೋಡುತ್ತಿದ್ದ ಇನ್‌ಚಾರ್ಜ್ ಬಾಗಿಲಿನತ್ತ ಓಡಿದರು. ನನಗೆಲ್ಲಿಂದ ಆ ದನಿ ಬಂತೋ, "ಸಿಲಿಂಡರ್ ಕಟ್ಟಿಕೊಳ್ಳದೆ ಒಳಗೆ ಹೋಗಬೇಡಿ!" ಎಂದು ಕಿರುಚಿದೆ. "ಹಾಗೇ ಹೋದ್ರೆ ನೀವೂ ಅಲ್ಲೇ ಬೀಳ್ತೀರಿ!" ನನ್ನ ತಮ್ಮನ ಬಳಿಗೆ ಓಡುವವರನ್ನು ನಾನೇ ತಡೆದೆ. ಉಸಿರಾಟದ ಸಿಲಿಂಡರು ಬೆನ್ನಿಗೇರಿಸಿ, ಮುಖವಾಡ ಬಿಗಿದು, ಸೋರುತ್ತಿಲ್ಲವೆಂದು ನೋಡಿ ಹೊರಡಲು ಎಷ್ಟು ಹೊತ್ತು ಹಿಡಿಯುತ್ತದೆಂದು ತರಬೇತಿಯಲ್ಲಿ ಕಲಿತಿದ್ದೆ. ಆ ಹೊತ್ತು ಎಷ್ಟು ಉದ್ದವೆಂದು ಕಲಿಸಿರಲಿಲ್ಲ. ನಾನು ಎದ್ದು ಹೋಗುವಂತಿರಲಿಲ್ಲ. ಬೋರ್ಡ್ ಬಿಟ್ಟರೆ ಉಳಿದವರ ಗತಿಯೇನು? ಕಣ್ಣೀರು ಸುರಿಯುತ್ತಿತ್ತು, ಅಲಾರಂ ಬಡಿದುಕೊಳ್ಳುತ್ತಲೇ ಇತ್ತು, ಕೈ ತನ್ನಷ್ಟಕ್ಕೆ ಒತ್ತುತ್ತಲೇ ಇತ್ತು. ಆ ಕೈಯನ್ನು ಕತ್ತರಿಸಿ ಹಾಕಬೇಕೆನಿಸಿತು.

ತಮ್ಮ ಬದುಕಿದ್ದಾನೆ. ಹಾಗೆ ಹೇಳಬೇಕು. ತೀವ್ರ ನಿಗಾ ಘಟಕದಲ್ಲಿ ಕಣ್ಣು ಬಿಟ್ಟುಕೊಂಡು ಮಲಗಿದ್ದಾನೆ. ಆ ಕಣ್ಣು ಯಾರನ್ನೂ ನೋಡುವುದಿಲ್ಲ. ಮಿದುಳಿಗೆ ಗಾಳಿಯಿಲ್ಲದೆ ಕಳೆದ ಹೊತ್ತು ಹೆಚ್ಚಾಯಿತು, ಇನ್ನು ಕಾದು ನೋಡಬೇಕು ಎಂದರು ಡಾಕ್ಟರು. ತಲೆಯ ಹತ್ತಿರ ಒಂದು ಯಂತ್ರ. ಅವನ ಬೆರಳಿಗೆ ಸಿಕ್ಕಿಸಿದ ಕ್ಲಿಪ್ಪು ಸ್ವಲ್ಪ ಜಾರಿದರೂ ಅದು ಕೂಗುತ್ತದೆ. ಮೊದಲ ದಿನ ಅವನ ಹೆಂಡತಿ ಹಾರಿಬಿದ್ದು ಓಡಿದಳು. "ಸಿಸ್ಟರ್, ಸಿಸ್ಟರ್, ಕೂಗ್ತಿದೆ!" ನರ್ಸ್ ಬಂದು ಸದ್ದಡಗಿಸಿ, "ಅದು ಹಾಗೇ ಕೂಗ್ತಿರುತ್ತಮ್ಮ, ಇರಲಿ ಬಿಡಿ," ಎಂದು ಮುಂದಿನ ಮಂಚಕ್ಕೆ ಹೋದಳು. ಪಾಪ, ಅವಳಿಗೂ ಅಷ್ಟು ಮಂಚಗಳು, ಅಷ್ಟು ಯಂತ್ರಗಳು.

ಆ ವಾರ ಮುಗಿಯುವಷ್ಟರಲ್ಲಿ ಯಂತ್ರ ಕೂಗಿದರೂ ತಮ್ಮನ ಹೆಂಡತಿ ತಲೆ ಎತ್ತುತ್ತಿರಲಿಲ್ಲ. ಅವನನ್ನು ಜೀವದಂತೆ ಹಚ್ಚಿಕೊಂಡವಳು. ಗಮನವಿಲ್ಲದವಳೇ ಅವಳು? ನಾನು ಎದ್ದು ಕ್ಲಿಪ್ಪು ಸರಿಮಾಡಿದೆ.

"ಕೂಗ್ತಿತ್ತಾ ಅತ್ತಿಗೆ?" ಎಂದಳು. "ಕೇಳಿಸಲೇ ಇಲ್ಲ."

ಅವಳ ತಲೆ ನೇವರಿಸಿ ಹೊರಗೆ ಬಂದು, ಕಾರಿಡಾರಿನಲ್ಲಿ ಬಾಯಿಗೆ ಸೆರಗೊತ್ತಿ ಅತ್ತೆ.

ಸಭೆ ಮತ್ತೆ ಸೇರಿತು. ಬರಬೇಕಿಲ್ಲ ಎಂದರು, ಹೋದೆ. ಸುರಕ್ಷತಾಧಿಕಾರಿ ನನ್ನ ಮುಖ ನೋಡಲಾರದೆ ಮೇಜು ನೋಡುತ್ತ, "ಶೆಡ್ಡಿಗೆ ಇನ್ನೊಂದು ಅಲಾರಂ ಸೇರಿಸೋಣ ಅಂತ. ಇನ್ನೂ ಜೋರಾದದ್ದು," ಎಂದರು. ಅವರು ಸೊರಗಿದ್ದರು. ಬೈಯಲು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಇಂಜಿನಿಯರಮ್ಮ ಗೋಡೆಯ ಮೇಲೆ ಪಂಪ್ ಶೆಡ್ಡಿನ ಗ್ಯಾಸ್ ಅಲಾರಂ ತಂದಳು. ಕೇಳುವ ಮೊದಲು ನನ್ನತ್ತ ನೋಡಿದಳು. ಕೇಳಿ ಎಂದು ನಾನೇ ತಲೆಯಾಡಿಸಿದೆ.

"ಇದು ಕೂಗಿದ್ರೆ ನೀವೇನು ಮಾಡ್ತೀರಿ?"

"ಯಾರನ್ನೂ ಒಳಗೆ ಕಳಿಸಲ್ಲ. ಹೊರಟವರನ್ನ ವಾಪಸ್ ಕರೀತೀನಿ."

ಅವಳು ಬರೆದುಕೊಂಡಳು.

"ಮಾಡೋಕೆ ಎಷ್ಟು ಹೊತ್ತಿರುತ್ತೆ?"

"ಅವನು ಬಾಗಿಲು ದಾಟೋವರೆಗೆ," ಎಂದೆ.