ನಡಾವಳಿಯಲ್ಲಿ ‘ನೋಡೋಣ’

ಅಡಿಲೇಡಿನ ಕನ್ನಡ ಸಂಘದಲ್ಲಿ ನಡಾವಳಿ ಬರೆಯುವ ಕೆಲಸ ಕಾರ್ಯದರ್ಶಿ ವಾಗ್ದೇವಿಯದು. ಜುಲೈ ಸಭೆಯಲ್ಲಿ ಜೂನ್ ತಿಂಗಳ ನಡಾವಳಿಯನ್ನು ಸ್ಥಿರೀಕರಿಸಬೇಕಿತ್ತು. ಅಧ್ಯಕ್ಷ ಪ್ರಮೋದ್ ಹೊಳ್ಳ ನಾಲ್ಕನೆಯ ಸಾಲಿನ ಮೇಲೆ ಬೆರಳಿಟ್ಟರು.

“ಇದೊಂದು ತಿದ್ದಬೇಕು ಮೇಡಂ. ‘ರಾಜ್ಯೋತ್ಸವಕ್ಕೆ ಆರು ಸಾವಿರ ಡಾಲರ್ ಪ್ರಾಯೋಜಕತ್ವದ ಬಗ್ಗೆ ಮೃತ್ಯುಂಜಯ ಅವರು ನೋಡೋಣ ಎಂದಿದ್ದಾರೆ’ ಅಂತಿದೆ. ‘ಒಪ್ಪಿದ್ದಾರೆ’ ಅಂತ ಹಾಕಿ.”

“ಅವರು ಒಪ್ಪಿಲ್ವಲ್ಲ ಸಾರ್.”

“ನಮ್ಮೋರ ‘ನೋಡೋಣ’ ಅಂದ್ರೆ ಹೂಂ ಅಂತಾನೇ.”

“ನಮ್ಮೋರ ‘ನೋಡೋಣ’ ಅಂದ್ರೆ ಊಹೂಂ. ನೀವು ಊರು ಬಿಟ್ಟು ಬಹಳ ವರ್ಷ ಆಯ್ತೇನೋ!”

ಖಜಾಂಚಿ ಶ್ರೀಪತಿ ನಕ್ಕು, ಕೂಡಲೇ ಬಾಯಿ ಮುಚ್ಚಿಕೊಂಡರು.

ಮೃತ್ಯುಂಜಯ ಗೃಹಸಾಲದ ಏಜೆಂಟ್. ಜುಲೈ ಸಭೆಯ ವಾರವಷ್ಟೇ ಖಡಾಖಂಡಿತವಾಗಿ ಇಲ್ಲ ಎಂದಿದ್ದ. ಅಷ್ಟರಲ್ಲಿ ಹೊಳ್ಳರು ಸಮಿತಿಯನ್ನು ಕೇಳದೆ ದೊಡ್ಡ ಸಭಾಂಗಣಕ್ಕೆ ಮುಂಗಡ ಕಟ್ಟಿಯಾಗಿತ್ತು. ಅದು ಹಿಂದಿರುಗುವ ಹಣವಲ್ಲ. ‘ಒಪ್ಪಿದ್ದಾರೆ’ ಎಂದಾದರೆ ತಪ್ಪು ಅಧ್ಯಕ್ಷರದಾಗುವುದಿಲ್ಲ. ಪ್ರಾಯೋಜಕರನ್ನು ನೋಡಿಕೊಳ್ಳುವ ಸ್ವಯಂಸೇವಕಿ ಸುಮಿತ್ರಾ ಜೂನ್ ಸಭೆಯಲ್ಲಿ ಸುಳ್ಳು ವರದಿ ಕೊಟ್ಟಳೆಂದಾಗುತ್ತದೆ.

ಸುಮಿತ್ರಾ ಪಕ್ಕದಲ್ಲೇ ಕುಳಿತಿದ್ದಳು.

“ನೀನೇ ಹೇಳಮ್ಮ, ಅವತ್ತು ಏನಂದೆ?” ವಾಗ್ದೇವಿ ಕೇಳಿದಳು.

“ಬಿಡಿ ಅಕ್ಕ, ಒಂದು ಪದಕ್ಕೆ ಯಾಕೆ ಜಗಳ? ನನ್ನಿಂದಾನೇ ಆಯ್ತು ಅಂದ್ಕೊಳ್ಲಿ,” ಎಂದು ಸುಮಿತ್ರಾ ಮೇಜು ನೋಡಿದಳು. ರಾಜ್ಯೋತ್ಸವದಲ್ಲಿ ಅವಳ ಮಗಳ ಒಂಟಿ ನೃತ್ಯಕ್ಕೆ ಹತ್ತು ನಿಮಿಷ ಕೊಡುವವರು ಹೊಳ್ಳರು. ಇದು ಮೇಜಿನ ಸುತ್ತ ಎಲ್ಲರಿಗೂ ಗೊತ್ತಿತ್ತು.

ವಾಗ್ದೇವಿಗೆ ಬಾಯಲ್ಲಿ ಹಳಸಿದ ಅನ್ನ ಇಟ್ಟಂತಾಯಿತು. ಸುಳ್ಳಿನ ಕೆಳಗೆ ಬೀಳಬೇಕಾದ ಸಹಿ ತನ್ನದು.

“ಮತಕ್ಕೆ ಹಾಕೋಣ,” ಎಂದರು ಹೊಳ್ಳರು. “ತಿದ್ದುಪಡಿ ನನ್ನದು. ಅನುಮೋದನೆ ಶ್ರೀಪತಿ ಅವರದು. ಒಪ್ಪೋರು ಕೈ ಎತ್ತಿ.”

ಹೊಳ್ಳ, ಶ್ರೀಪತಿ, ಊಟದ ಹೊಣೆಯ ಬಸವಂತ, ಕೊನೆಗೆ ಸುಮಿತ್ರಾ. ನಾಲ್ಕು ಕೈ ಮೇಲೇರಿದವು.

“ಸರಿ, ಹಾಗೇ ಇರಿ. ಹೆಸರು ಬರ್ಕೊತೀನಿ. ‘ನೋಡೋಣ ಎಂಬುದನ್ನು ಒಪ್ಪಿದ್ದಾರೆ ಎಂದು ತಿದ್ದಲು ಮತ ಕೊಟ್ಟವರು: ಒಂದು, ಪ್ರಮೋದ್ ಹೊಳ್ಳ. ಎರಡು, ಶ್ರೀಪತಿ.’ ವಿರೋಧ ನಾನೊಬ್ಬಳೇ.”

“ಹೆಸರೆಲ್ಲ ಯಾತಕ್ರೀ? ಬಹುಮತ ಅಂತ ಬರೀರಿ ಸಾಕು,” ಎಂದರು ಶ್ರೀಪತಿ.

“ನನ್ನ ವಿರೋಧ ದಾಖಲಾಗ್ಬೇಕು ಅಂತ ಕೇಳೋ ಹಕ್ಕು ನನಗಿದೆ. ಹಾಗಾದ್ಮೇಲೆ ನಿಮ್ದೂ ಇರ್ಲಿ. ವಾರ್ಷಿಕ ಸಭೇಲಿ ಸದಸ್ಯರು ಓದ್ಲಿ. ಮೃತ್ಯುಂಜಯ ಅವರೂ ಸದಸ್ಯರೇ.”

ಬಸವಂತ ತಲೆ ಕೆರೆದುಕೊಳ್ಳುವವನಂತೆ ಕೈ ಇಳಿಸಿದ. ಶ್ರೀಪತಿಯ ಕೈ ಕನ್ನಡಕದ ಮೇಲಿಳಿಯಿತು. ಸುಮಿತ್ರಾ ಹೊಳ್ಳರ ಮುಖವನ್ನೊಮ್ಮೆ ನೋಡಿ ತನ್ನ ಕೈಯನ್ನು ಮಡಿಲಲ್ಲಿಟ್ಟುಕೊಂಡಳು. ಒಂಟಿಯಾಗಿ ಉಳಿದ ಕೈಯನ್ನು ಹೊಳ್ಳರು ಗಡಿಯಾರದತ್ತ ತೋರಿಸಿ, “ಹೊತ್ತಾಯ್ತು. ಇದ್ದ ಹಾಗೇ ಇರ್ಲಿ,” ಎಂದರು.

ಗೆದ್ದೆ ಅನ್ನಿಸಲಿಲ್ಲ ವಾಗ್ದೇವಿಗೆ. ಎತ್ತಿದ ಕೈಗಳಿಗಿಂತ ಇಳಿಸಿದ ಕೈಗಳೇ ಹೇಸಿಗೆ ಹುಟ್ಟಿಸಿದವು. ಒಂದೂ ನಾಚಿಕೆಯಿಂದ ಇಳಿದದ್ದಲ್ಲ. ‘ಜೂನ್ ನಡಾವಳಿ ಬದಲಾವಣೆಯಿಲ್ಲದೆ ಸ್ಥಿರೀಕರಣ’ ಎಂದು ಬರೆದು, ಯಾರ ಮುಖವನ್ನೂ ನೋಡದೆ ಮುಂದಿನ ವಿಷಯ ಓದಿದಳು.