ಹದಿನಾಲ್ಕನೇ ಮೆಷಿನ್ನಿನ ಫೋಟೊ

ವಿಚಾರಣೆ ನಡೆದದ್ದು ಕಾರ್ಖಾನೆಯ ಮೊದಲ ಮಹಡಿಯ ಟ್ರೇನಿಂಗ್ ರೂಮಿನಲ್ಲಿ. ಉದ್ದನೆಯ ಮೇಜು, ಆರು ಕುರ್ಚಿ, ಗೋಡೆಯ ಮೇಲೆ ಸುರಕ್ಷತೆಯ ಬಗ್ಗೆ ಒಂದು ದೊಡ್ಡ ಫಲಕ. ಕೆಳಗಿನ ಹೊಲಿಗೆ ಸಾಲುಗಳ ಗದ್ದಲ ನೆಲದ ಮೂಲಕ ಹತ್ತಿ ಬಂದು ಮೇಜಿನ ಕಾಲುಗಳನ್ನು ಸಣ್ಣಗೆ ನಡುಗಿಸುತ್ತಿತ್ತು.

ಆರೋಪ ಜೇಬಿನಕ್ಕನ ಮೇಲೆ. ಹನ್ನೊಂದು ವರ್ಷದಿಂದ ಅವಳು ಪ್ಯಾಂಟುಗಳಿಗೆ ಜೇಬು ಹೊಲಿಯುತ್ತಿದ್ದಾಳೆ, ಹೆಸರು ಹಾಗೇ ಬಿದ್ದಿದೆ. ಇಪ್ಪತ್ತು ದಿನದ ಹಿಂದೆ ಬೆಳಿಗ್ಗೆ ಹನ್ನೊಂದು ಗಂಟೆಗೆ ಸೂಜಿ ಅವಳ ಎಡಗೈ ತೋರುಬೆರಳಿನೊಳಗೆ ಇಳಿದು ಮೂಳೆಯಲ್ಲಿ ಮುರಿದುಕೊಂಡಿತು. ಆಸ್ಪತ್ರೆಯಲ್ಲಿ ತುಂಡು ತೆಗೆದರು. ಗಾಯ ಒಣಗುವ ಮೊದಲೇ ಕಾರ್ಖಾನೆಯ ನೋಟಿಸು ಮನೆಗೆ ಬಂತು: ಸೂಜಿಯ ಮುಂದಿನ ಬೆರಳು ಕಾಯುವ ತಂತಿಯನ್ನು ನೀವೇ ಕಳಚಿ ಹಾಕಿದ್ದೀರಿ, ನಿಮ್ಮನ್ನು ಕೆಲಸದಿಂದ ಏಕೆ ತೆಗೆಯಬಾರದು. ಮನೆಯಲ್ಲಿ ಅತ್ತೆ ಆ ಕಾಗದವನ್ನು ಎರಡು ಸಲ ಓದಿಸಿಕೊಂಡು, "ಬೆರಳೂ ನಿಂದೇ, ತಪ್ಪೂ ನಿಂದೇ ಅಂತಾರಲ್ಲ, ಸೂಜಿಯಾದ್ರೂ ಅವರದೇ ತಾನೇ," ಎಂದಿದ್ದಳು.

ಮೇಜಿನ ತುದಿಯಲ್ಲಿ ಹೊರಗಿನಿಂದ ಕರೆಸಿದ ವಕೀಲರು ವಿಚಾರಣಾಧಿಕಾರಿಯಾಗಿ ಕೂತಿದ್ದರು. ದಪ್ಪ ಕನ್ನಡಕ, ಕೈಯಲ್ಲಿ ಶಾಯಿ ಪೆನ್ನು. ಹೇಳಿದ್ದನ್ನೆಲ್ಲ ತಾವೇ ಬರೆದುಕೊಳ್ಳುವವರು. ಕಾರ್ಖಾನೆಯ ಪರವಾಗಿ ಸಿಬ್ಬಂದಿ ಮ್ಯಾನೇಜರ್. ಸಾಕ್ಷಿಗೆ ಸಾಲಿನ ಮೆಕ್ಯಾನಿಕ್, ಎಣ್ಣೆಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಗೋಡೆಗೆ ಆತು ನಿಂತಿದ್ದ. ಜೇಬಿನಕ್ಕನ ಜೊತೆಗೆ ಒಬ್ಬ ಸಹೋದ್ಯೋಗಿ ಕೂರಬಹುದೆಂಬ ನಿಯಮವಿತ್ತು. ಬೆಲ್ಟಿನ ಲೂಪು ಹೊಲಿಯುವ ಲೂಪಮ್ಮ ಬಂದು ಕೂತಿದ್ದಳು.

"ನೋಡಿಮ್ಮ," ಮ್ಯಾನೇಜರ್ ಶುರುಮಾಡಿದರು. "ದಿನಾ ಬೆಳಿಗ್ಗೆ ಶಿಫ್ಟಿಗೆ ಮುಂಚೆ ಪ್ರತಿ ಮೆಷಿನ್ನಿನ ಫೋಟೊ ತೆಗೀತೀವಿ. ಖರೀದಿದಾರರಿಗೆ ಕಳಿಸ್ಬೇಕು. ಅವತ್ತಿನ ಫೋಟೊ ಇದು. ಹದಿನಾಲ್ಕನೇ ನಂಬರು, ಎಂಟೂ ಮುಕ್ಕಾಲು. ತಂತಿ ಇದೆ. ಹನ್ನೊಂದಕ್ಕೆ ಇರ್ಲಿಲ್ಲ. ನಡುವೆ ಆ ಮೆಷಿನ್ ಮುಂದೆ ಕೂತಿದ್ದೋರು ಯಾರು?"

ಬಣ್ಣದಲ್ಲಿ ಅಚ್ಚು ಹಾಕಿದ ದೊಡ್ಡ ಫೋಟೊವನ್ನು ಅವರು ಮೇಜಿನ ಮಧ್ಯಕ್ಕೆ ತಳ್ಳಿದರು. ಆ ಫೋಟೊವನ್ನು ಜೇಬಿನಕ್ಕ ನೋಡುತ್ತಿದ್ದುದು ಅದೇ ಮೊದಲು. ನೋಟಿಸಿನ ಜೊತೆ ಅದನ್ನು ಕಳಿಸಿರಲಿಲ್ಲ.

"ನಾನು ತೆಗೆದಿಲ್ಲ ಸಾರ್. ಅಲ್ಲಿ ತಂತಿ ಇದ್ದಿದ್ದೇ ಇಲ್ಲ."

"ತಂತಿ ಅಂದ್ರೆ ಏನು ಅಂತಾನೂ ಗೊತ್ತಿರ್ಲಿಲ್ಲ ಅಂತೀರೇನೋ. ಟ್ರೇನಿಂಗ್ ಹಾಳೇಲಿ ನಿಮ್ಮ ಸಹಿ ಇದೆ. ಎಲ್ಲಾ ಭಾಗಗಳ ಪರಿಚಯ ಆಗಿದೆ ಅಂತ." ಮ್ಯಾನೇಜರ್ ಅಧಿಕಾರಿಯ ಕಡೆ ತಿರುಗಿದರು. "ಸಾರ್, ಈ ಫೋಟೊ ನೋಡಿ ಒಂದೊಂದೇ ಭಾಗದ ಹೆಸರು ಇವರ ಬಾಯಿಂದಾನೇ ಹೇಳಿಸಿ. ದಾಖಲೆಗೆ ಬರ್ಲಿ."

ಲೆಕ್ಕಾಚಾರ ಸರಳವಾಗಿತ್ತು. ಹೆಸರು ಹೇಳಿದರೆ, ಗೊತ್ತಿದ್ದೂ ಕಳಚಿದವಳು. ಹೇಳದಿದ್ದರೆ, ಸಹಿ ಹಾಕಿ ಸುಳ್ಳು ಹೇಳಿದವಳು. ಇಂಥ ರೂಮುಗಳಲ್ಲಿ ಕೇಳುವ ಪ್ರಶ್ನೆಗಳಿಗೆಲ್ಲ ಎರಡೇ ಬಾಗಿಲು. ಎರಡೂ ಬೀದಿಗೇ ತೆರೆಯುತ್ತವೆ.

ಜೇಬಿನಕ್ಕ ಫೋಟೊವನ್ನು ಬಲಗೈಯಲ್ಲಿ ತನ್ನ ಕಡೆ ಎಳೆದುಕೊಂಡಳು. ಬಟ್ಟೆ ಸುತ್ತಿದ ಎಡಗೈ ಮಡಿಲಲ್ಲೇ ಇತ್ತು.

"ಇದು ಸೂಜಿ. ಇದು ಸೂಜಿ ಹಿಡಿಯೋ ಕಂಬಿ. ಇದು ಬೆರಳು ಕಾಯೋ ತಂತಿ."

"ತಂತಿ ಗೊತ್ತು ಅಂತ ಬರ್ಕೊಳ್ಳಿ ಸಾರ್," ಮ್ಯಾನೇಜರ್ ಹೇಳಿದರು.

"ಬರೀತಾರೆ ಬಿಡಿ, ಕೈ ಇದೆ ಅವರಿಗೆ," ಲೂಪಮ್ಮ ಗೊಣಗಿದಳು.

"ಇದು ಬಟ್ಟೆ ಅದುಮಿ ಹಿಡಿಯೋ ಫೂಟು. ಮೇಲಕ್ಕೆ ಎತ್ತಿಟ್ಟಿದಾರೆ. ಅದರ ಕೆಳಗೆ ಪ್ಲೇಟು. ಪ್ಲೇಟಿನ ಸೀಳಿಂದ ಕಾಣ್ತಾ ಇರೋದು ಹಲ್ಲು."

"ಹಲ್ಲೇ?" ಅಧಿಕಾರಿಯ ಪೆನ್ನು ನಿಂತಿತು.

"ನಾವು ಹಲ್ಲು ಅಂತೀವಿ ಸಾರ್. ಮೆಕ್ಯಾನಿಕ್ ಅಣ್ಣ ಫೀಡ್ ಡಾಗ್ ಅಂತಾರೆ. ಮೇಲೆ ಬಂದು ಬಟ್ಟೇನ ಕಚ್ಚಿ ಹಿಂದಕ್ಕೆ ಒಯ್ದು, ಮತ್ತೆ ಕೆಳಗೆ ಇಳಿದು ಮುಂದಕ್ಕೆ ಬರುತ್ತೆ. ನಾವು ಎಳೆಯೋ ಹಾಗಿಲ್ಲ, ಅದೇ ಎಳ್ಕೊಳ್ಳುತ್ತೆ."

"ಬೊಗಳಲ್ಲ ಸಾರ್, ಕಚ್ಚೋದಷ್ಟೇ," ಎಂದಳು ಲೂಪಮ್ಮ. ಅಧಿಕಾರಿಯ ಮೀಸೆ ಸ್ವಲ್ಪ ಅಲುಗಿತು. ಅವರು 'ಹಲ್ಲು' ಎಂದೇ ಬರೆದುಕೊಂಡರು.

ಜೇಬಿನಕ್ಕ ಫೋಟೊವನ್ನು ಕಿಟಕಿಯ ಬೆಳಕಿಗೆ ಓರೆ ಮಾಡಿ ಹಿಡಿದಳು. ಆಮೇಲೆ ಕಣ್ಣಿಗೆ ಹತ್ತಿರ ತಂದಳು.

"ಮರೆತು ಹೋಯ್ತಾ?" ಎಂದರು ಮ್ಯಾನೇಜರ್.

"ಇಲ್ಲ ಸಾರ್. ಎಣಿಸ್ತಾ ಇದೀನಿ." ಅವಳು ಫೋಟೊವನ್ನು ಅಧಿಕಾರಿಯ ಮುಂದಿಟ್ಟು ಉಗುರಿನಿಂದ ತೋರಿಸಿದಳು. "ಇಲ್ಲಿ ನೋಡಿ. ನಾಲ್ಕು ಸಾಲು ಹಲ್ಲಿದೆ. ಸಣ್ಣ ಹಲ್ಲು. ಇದು ತೆಳು ಬಟ್ಟೆ ಹೊಲಿಯೋದು, ಶರ್ಟು, ಒಳಗಿನ ಅಸ್ತರು ಇಂಥದ್ದು. ನಾನು ಹೊಲಿಯೋದು ದಪ್ಪ ಡೆನಿಮ್ಮು, ಜೇಬಿನ ಅಂಚಲ್ಲಿ ನಾಲ್ಕು ಪದರ ಆಗುತ್ತೆ. ನನ್ನ ಮೆಷಿನ್ನಿಗೆ ಮೂರು ಸಾಲು, ದಪ್ಪ ಹಲ್ಲು. ಈ ಸಣ್ಣ ಹಲ್ಲಲ್ಲಿ ಡೆನಿಮ್ ಜಾರುತ್ತೆ, ಹೊಲಿಗೆ ಒಂದರ ಮೇಲೊಂದು ಬೀಳುತ್ತೆ. ಒಂದು ಜೇಬೂ ಪಾಸಾಗಲ್ಲ."

ಮೆಕ್ಯಾನಿಕ್ ಗೋಡೆಯಿಂದ ಬೆನ್ನು ತೆಗೆದ.

"ಫೂಟೂ ಅಷ್ಟೇ ಸಾರ್. ಇದು ಎರಡು ಬೆರಳೂ ಸಮ ಇರೋ ಸಾದಾ ಫೂಟು. ನಂದರಲ್ಲಿ ಒಂದು ಬೆರಳು ಸ್ಪ್ರಿಂಗಲ್ಲಿ ಮೇಲೆ ಕೆಳಗೆ ಆಡುತ್ತೆ, ಜೇಬಿನ ಅಂಚಿಗೆ ಒತ್ತಿಕೊಂಡು ಹೋಗೋಕೆ. ಅದಿಲ್ದೆ ಅಂಚಿನ ಹೊಲಿಗೆ ನೆಟ್ಟಗೆ ಬರಲ್ಲ."

"ಫೂಟು ಯಾವಾಗ ಬೇಕಾದ್ರೂ ಬದಲಾಯಿಸ್ಬಹುದು," ಮ್ಯಾನೇಜರ್ ತಕ್ಷಣ ಹೇಳಿದರು. "ಒಂದು ಸ್ಕ್ರೂ. ನನಗೂ ಅಷ್ಟು ಗೊತ್ತು."

"ಹೌದು ಸಾರ್, ಒಂದೇ ಸ್ಕ್ರೂ. ಹಲ್ಲಿಗೆ ಪ್ಲೇಟು ತೆಗೀಬೇಕು, ಹಲ್ಲು ತೆಗೀಬೇಕು, ಎತ್ತರ ಹೊಂದಿಸ್ಬೇಕು. ಅದನ್ನ ನಾವು ಮುಟ್ಟೋ ಹಾಗಿಲ್ಲ. ಮೆಕ್ಯಾನಿಕ್ಕೇ ಮಾಡ್ಬೇಕು." ಅವಳು ಉಸಿರು ಎಳೆದುಕೊಂಡಳು. "ಇನ್ನೊಂದಿದೆ. ಪಕ್ಕದಲ್ಲಿ ಬಾಬಿನ್ ಕೇಸ್, ಅಡಿ ದಾರದ ಉರುಳೆ ಕೂರೋ ಬಟ್ಟಲು, ಹೊರಗೆ ತೆಗೆದಿಟ್ಟಿದಾರೆ, ಕೆಳಗಡೆ ಶುಚಿಯಾಗಿದೆ ಅಂತ ತೋರಿಸೋಕೆ. ಬಾಯಿ ಮೇಲಾಗಿದೆ, ಒಳಗೆ ಕಾಣುತ್ತೆ ನೋಡಿ. ತೆಳ್ಳಗೆ ಒಂದು ಸ್ಪ್ರಿಂಗ್ ಪಟ್ಟಿ. ತಾನೇ ದಾರ ಕತ್ತರಿಸೋ ಮೆಷಿನ್ನಿನ ಕೇಸು ಇದು. ದಾರ ಕತ್ತರಿಸಿದ ಕೂಡ್ಲೇ ಬಾಬಿನ್ ಸುಮ್ನೆ ತಿರುಗ್ತಾ ದಾರ ಬಿಚ್ಚಿ ಹೋಗ್ಬಾರದು ಅಂತ ಆ ಪಟ್ಟಿ. ನನ್ನ ಮೆಷಿನ್ನು ದಾರ ಕತ್ತರಿಸಲ್ಲ. ನಾನೇ ಕೈಯಲ್ಲಿ ಕತ್ತರಿಸ್ತೀನಿ. ನಮ್ಮ ಸಾಲಲ್ಲಿ ಯಾವುದೂ ಕತ್ತರಿಸಲ್ಲ."

"ಹಾಗಾದ್ರೆ ಇದು ಯಾವ ಮೆಷಿನ್?" ಅಧಿಕಾರಿ ಕೇಳಿದರು.

"ದಾರ ಕತ್ತರಿಸೋದು ಸ್ಯಾಂಪಲ್ ರೂಮಲ್ಲಿ ಒಂದಿದೆ. ಅದನ್ನ ನಾನು ಮುಟ್ಟಿಲ್ಲ. ಮುಟ್ಟಿರೋರು ಇಲ್ಲೇ ಇದಾರೆ." ಜೇಬಿನಕ್ಕ ಮೆಕ್ಯಾನಿಕ್ ಕಡೆ ನೋಡಿದಳು. ಸಿಟ್ಟಿನಿಂದಲ್ಲ, ದಾರ ಸಿಕ್ಕಿಕೊಂಡಾಗ ಕೈಯೆತ್ತಿ ಅವನನ್ನು ಕರೆಯುವಾಗ ನೋಡುವ ಹಾಗೆ.

ಅಧಿಕಾರಿ ಪೆನ್ನನ್ನು ಅವನ ಕಡೆ ತಿರುಗಿಸಿದರು. "ಅವತ್ತು ಎಂಟೂ ಮುಕ್ಕಾಲಿಂದ ಹನ್ನೊಂದರ ಒಳಗೆ ಹದಿನಾಲ್ಕನೇ ಮೆಷಿನ್ನಿನ ಹಲ್ಲು ಬದಲಾಯಿಸಿದ್ರಾ?"

ಹೌದು ಎಂದರೆ ಆ ಹಲ್ಲು ಸ್ಟೋರಿನಿಂದ ಬಂದ ಚೀಟಿ ಬೇಕು. ಇಲ್ಲ ಎಂದರೆ ಫೋಟೊ ಬೇರೆಯದು. ಈಗ ಎರಡು ಬಾಗಿಲಿನ ನಡುವೆ ನಿಂತವನು ಅವನು. ಅವನಿಗೂ ಮೇಲಿನವರಿದ್ದರು, ಅವರಲ್ಲೊಬ್ಬರು ಅಲ್ಲೇ ಎದುರು ಕೂತು ಅವನನ್ನೇ ದಿಟ್ಟಿಸುತ್ತಿದ್ದರು.

"ಇಲ್ಲ ಸಾರ್," ಎಂದ ಮೆಕ್ಯಾನಿಕ್.

"ಯೋಚಿಸಿ ಹೇಳಪ್ಪ," ಎಂದರು ಮ್ಯಾನೇಜರ್.

"ನಲವತ್ತು ಮೆಷಿನ್ನಿದೆ ಸಾರ್. ತಂತಿ ಇರೋದು ಒಂದಕ್ಕೆ. ಸ್ಯಾಂಪಲ್ ರೂಮಿಂದಕ್ಕೆ. ಅದನ್ನೇ ನಲವತ್ತು ಸಲ ಫೋಟೊ ತೆಗೀತೀನಿ. ನಂಬರ್ ಸ್ಟಿಕ್ಕರ್ ಬದಲಾಯಿಸ್ತೀನಿ. ಹಾಗೆ ಮಾಡು ಅಂದ್ರು, ಮಾಡ್ತಾ ಇದೀನಿ." ಅವನು ಜೇಬಿನಕ್ಕನ ಕೈಯನ್ನು ನೋಡಲು ಹೋಗಿ ನೋಡಲಿಲ್ಲ. "ತಂತಿ ಇದ್ರೆ ಸೂಜಿಗೆ ದಾರ ಹಾಕೋದು ನಿಧಾನ ಆಗುತ್ತೆ ಅಂತ ಹಾಕ್ಲಿಲ್ಲ."

ಮ್ಯಾನೇಜರ್ ಗಡಿಯಾರ ನೋಡಿಕೊಂಡರು. "ಸಾರ್, ಸ್ವಲ್ಪ ಗೊಂದಲ ಆಗಿದೆ. ಚಹಾ ಮುಗಿಸಿ ಮತ್ತೆ ಕೂರೋಣ. ಅರ್ಧ ಗಂಟೆ."

ಅಧಿಕಾರಿ ಪೆನ್ನಿನ ಮುಚ್ಚಳ ಹುಡುಕತೊಡಗಿದರು. ಬೆಳಿಗ್ಗೆಯಿಂದ ಬರೆದು ಅವರ ಬೆರಳೂ ನೋಯುತ್ತಿದ್ದಿರಬೇಕು.

"ಬೇಡ ಸಾರ್," ಜೇಬಿನಕ್ಕ ಎದ್ದು ನಿಂತಳು. "ಹಲ್ಲು ಬದಲಾಯಿಸೋಕೆ ಅರ್ಧ ಗಂಟೆ ಧಾರಾಳವಾಗಿ ಸಾಕು. ತಂತಿ ಹಾಕೋಕೆ ಎರಡು ನಿಮಿಷ. ನೀವು ಚಹಾ ಕುಡಿದು ಕೆಳಗೆ ಬರೋ ಹೊತ್ತಿಗೆ ನನ್ನ ಮೆಷಿನ್ನು ಈ ಫೋಟೊ ಥರಾನೇ ಇರುತ್ತೆ. ಈಗಲೇ ಬಂದು ನೋಡಿ. ಚಹಾ ಓಡಿ ಹೋಗಲ್ಲ."

"ಆಧಾರ ಇಲ್ದೆ ಆಡಳಿತದ ಮೇಲೆ..." ಮ್ಯಾನೇಜರ್ ಮಾತು ಮುಗಿಸುವಷ್ಟರಲ್ಲಿ ಲೂಪಮ್ಮ ಬಾಗಿಲು ತೆರೆದು ಹಿಡಿದಿದ್ದಳು. ಅಧಿಕಾರಿ ಮುಚ್ಚಳ ಸಿಗದ ಪೆನ್ನನ್ನು ಹಾಗೇ ಹಿಡಿದುಕೊಂಡು ಎದ್ದರು.

ಕೆಳಗೆ ಹದಿನಾಲ್ಕನೇ ಮೆಷಿನ್ನಿನ ಮುಂದೆ ಈಗ ಬೇರೆ ಹೆಂಗಸು ಕೂತು ಅದೇ ಜೇಬು ಹೊಲಿಯುತ್ತಿದ್ದಳು. ಸೂಜಿಯ ಮುಂದೆ ಏನೂ ಇರಲಿಲ್ಲ, ಅವಳ ಬೆರಳುಗಳ ಹೊರತು. ಜೇಬಿನಕ್ಕ ಹೆಗಲು ಮುಟ್ಟಿದಾಗ ಅವಳು ಮೋಟಾರು ಆರಿಸಿ ಎದ್ದಳು. ಮೆಕ್ಯಾನಿಕ್ ಫೂಟನ್ನು ಎತ್ತಿದ. ಅಧಿಕಾರಿ ಬಗ್ಗಿ, ಕನ್ನಡಕ ಹಣೆಗೇರಿಸಿ, ಮೂರು ಸಾಲು ಎಣಿಸಿದರು. ಫೋಟೊವನ್ನು ಪಕ್ಕದಲ್ಲಿ ಹಿಡಿದು ಮತ್ತೊಮ್ಮೆ ಎಣಿಸಿದರು. ಮೆಕ್ಯಾನಿಕ್ ಕೆಳಗಿನಿಂದ ಬಾಬಿನ್ ಕೇಸ್ ತೆಗೆದು ತೋರಿಸಿದ, ಒಳಗೆ ಸ್ಪ್ರಿಂಗ್ ಪಟ್ಟಿ ಇರಲಿಲ್ಲ.

"ತಂತಿ ಕೂರೋ ಜಾಗ ಎಲ್ಲಿ?"

ಸೂಜಿ ಹಿಡಿಯುವ ಕಂಬಿಯ ಪಕ್ಕ, ಮೆಷಿನ್ನಿನ ಮುಖದ ತಗಡಿನ ಕೆಳಗೆ ಸ್ಕ್ರೂ ಹೋಗುವ ಒಂದು ಸಣ್ಣ ತೂತು. ತೂತು ಎಂದು ಹೇಳಿದರಷ್ಟೇ ಗೊತ್ತಾಗಬೇಕು. ನೂಲಿನ ಧೂಳು, ಎಣ್ಣೆ, ನೀಲಿ ಬಣ್ಣದ ಹುಡಿ ಸೇರಿ ಅದು ಗಾರೆ ಹಾಕಿದಂತೆ ಮುಚ್ಚಿತ್ತು. ಮೆಕ್ಯಾನಿಕ್ ಹಳೆಯ ಸೂಜಿಯಿಂದ ಕೆದಕಿದ. ಗಟ್ಟಿಯಾದ ಒಂದು ಕಪ್ಪು ಗುಳಿಗೆ ಅಧಿಕಾರಿಯ ಅಂಗೈಗೆ ಬಿತ್ತು.

"ಇಪ್ಪತ್ತು ದಿನದಲ್ಲಿ ಇಷ್ಟು ಕೂರುತ್ತಾ?"

"ಇಲ್ಲ ಸಾರ್. ವರ್ಷಗಟ್ಟಲೆ ಬೇಕು. ಇಲ್ಲಿ ಸ್ಕ್ರೂ ಹೋಗೇ ಇಲ್ಲ."

ಅಧಿಕಾರಿ ಹೊಲಿದಿಟ್ಟ ಪ್ಯಾಂಟುಗಳ ರಾಶಿಯ ಮೇಲೆ ಹಾಳೆ ಇಟ್ಟು ನಿಂತೇ ಬರೆದರು. ಹದಿನಾಲ್ಕನೇ ಮೆಷಿನ್ನಿನ ಹಲ್ಲು ಮೂರು ಸಾಲು, ಫೋಟೊದಲ್ಲಿ ನಾಲ್ಕು. ಬಾಬಿನ್ ಕೇಸ್ ಬೇರೆ. ರಕ್ಷಣಾ ತಂತಿಯನ್ನು ಎಂದೂ ಅಳವಡಿಸಿಲ್ಲ. ಕಾರ್ಮಿಕೆ ಕಳಚಿದಳೆಂಬ ಆರೋಪಕ್ಕೆ ಆಧಾರವಿಲ್ಲ. ಓದಿ ಹೇಳಿ, ಜೇಬಿನಕ್ಕನ ಕಡೆ ಚಾಚಿದರು. ಅವಳು ಸಹಿ ಹಾಕಲಿಲ್ಲ. ಹಾಳೆಯನ್ನು ಕೈಗೆ ತೆಗೆದುಕೊಂಡು ತಾನೇ ಒಂದೊಂದು ಸಾಲೂ ಓದಿದಳು. ಹಿಂದೊಮ್ಮೆ ಓದದೆ ಹಾಕಿದ ಸಹಿ ಏನು ಮಾಡಿತೆಂದು ಅವಳಿಗೆ ಗೊತ್ತಿತ್ತು.

"'ಫೂಟು ಬೇರೆ' ಅಂತಾನೂ ಸೇರಿಸಿ ಸಾರ್."

ಅವರು ಸೇರಿಸಿದರು. ಅವಳು ಸಹಿ ಹಾಕಿದಳು.

ಮ್ಯಾನೇಜರ್ ಫೋನು ಕಿವಿಗಿಟ್ಟುಕೊಂಡು ಆಗಲೇ ಮೆಟ್ಟಿಲ ಕಡೆ ಹೊರಟಿದ್ದರು. ಅಧಿಕಾರಿ ಹಾಳೆ ಮಡಚುವಷ್ಟರಲ್ಲಿ ಹದಿನೈದನೇ ಮೆಷಿನ್ನಿನವಳು ಪೆಡಲಿನಿಂದ ಕಾಲು ತೆಗೆದು, ತನ್ನ ಫೂಟನ್ನು ತಾನೇ ಎತ್ತಿದಳು.

"ಸಾರ್, ಇಲ್ಲೂ ಒಂದು ತೂತಿದೆ. ನೋಡ್ಕೊಂಡು ಹೋಗಿ."

ಅವಳ ಹಿಂದೆ ಹದಿನಾರು ನಿಂತಿತು. ಆಮೇಲೆ ಹದಿನೇಳು. ಸಾಲಿನ ಗದ್ದಲ ಒಂದೊಂದೇ ಮೋಟಾರಿನಷ್ಟು ಇಳಿಯುತ್ತಾ ಬಂದು, ಕೊನೆಗೆ ಇಡೀ ಕೆಳಮಹಡಿ ನಿಶ್ಶಬ್ದವಾಯಿತು. ಹೆಂಗಸರು ಕೂತಲ್ಲೇ ಕೂತಿದ್ದರು, ಕೈಗಳನ್ನು ಸೂಜಿಯಿಂದ ದೂರ ಮೇಜಿನ ಮೇಲಿಟ್ಟುಕೊಂಡು. ಅಧಿಕಾರಿ ಮಡಚಿದ ಹಾಳೆಯನ್ನು ಮತ್ತೆ ಬಿಚ್ಚಿದರು.