ತಿಪ್ಪಿ ಓಡಿದ ಓಟ

ಕುರುಬರಹಳ್ಳಿಯ ಹತ್ತು ವರ್ಷದ ಕೀರ್ತನಾ ನಾನೂರು ಮೀಟರ್ ಓಟದಲ್ಲಿ ಮೊದಲು ಬಂದು ಒಂದು ವಾರವಾಗಿತ್ತು. ಪದಕ ದೇವರ ಗೂಡಿನಲ್ಲಿ ಮುನೇಶ್ವರನ ಪಟದ ಪಕ್ಕ ತೂಗುತ್ತಿತ್ತು. ಬೀದಿಯವರೆಲ್ಲ ಬಂದು ನೋಡಿ ಹೋದರು. ಆದರೂ ತಾಯಿ ಜಗದಾಂಬಾಗೆ, ಹೇಳಲೇಬೇಕಾದವಳಿಗೆ ಹೇಳಿಲ್ಲವೆಂಬ ತಳಮಳ.

ಕೀರ್ತನಾಗೆ ಎರಡು ವರ್ಷದವಳಿದ್ದಾಗಿನಿಂದಲೇ ಉಬ್ಬಸ. ಅಂಥ ಮಕ್ಕಳ ತಾಯಂದಿರದ್ದೊಂದು ಗುಂಪು ಆಗಿನ ಆರ್ಕುಟ್ ಜಾಲತಾಣದಲ್ಲಿತ್ತು. ಯಾರು ಯಾವ ಊರಿನವರೋ, ನಡುರಾತ್ರಿ ಮಗು ಏದುಸಿರು ಬಿಟ್ಟಾಗಿನ ಭಯ ಮಾತ್ರ ಎಲ್ಲರಿಗೂ ಗೊತ್ತು. ಅಲ್ಲಿ ವಿಜಯಶ್ರೀ ಎಂಬವಳು ಬರೆದಿದ್ದಳು: "ನನ್ನ ಮಗ ಕಿಟಕ್ಯಾಗ ಕುಂತು ಓಣಿ ಹುಡುಗರ ಆಟ ನೋಡ್ತಾನ್ರಿ. ಡಾಕ್ಟರು ಬಿಡ್ರಿ ಅಂದ್ರೂ ನನಗ ಧೈರ್ಯಾನ ಬರವಲ್ದು."

ಅವಳಿಗೆ ಈ ಸುದ್ದಿ ಮುಟ್ಟಬೇಕು. ಆದರೆ ಹೇಗೆ?

ಹೋದ ವರ್ಷ ಹಾಡಿನ ಬಹುಮಾನ ಬಂದಾಗ ಜಗದಾಂಬಾ ಅಲ್ಲಿ ಸಮವಸ್ತ್ರದ ಫೋಟೋವನ್ನೇ ಹಾಕಿದ್ದಳು. ಶಾಲೆಯ ಹೆಸರು, ತರಗತಿ, ಒಂದನ್ನೂ ಬಿಟ್ಟಿರಲಿಲ್ಲ. ತಿಂಗಳೊಳಗೆ ಯಾರೋ ಅಪರಿಚಿತ ಶಾಲೆಯ ಗೇಟಿಗೆ ಬಂದು, "ಕೀರ್ತನಾ ಪುಟ್ಟಿ, ಅಮ್ಮ ಜಗದಾಂಬಾ ಕಳಿಸಿದಾರೆ, ಬಾ" ಎಂದಿದ್ದ. ಕಾವಲುಗಾರ ಲಿಂಗಪ್ಪ ಗುರುತಿನ ಚೀಟಿ ಕೇಳಿದ್ದೇ ತಡ, ಆಸಾಮಿ ಪರಾರಿ. ಅವತ್ತೇ ಗಂಡ ವೆಂಕಟೇಶ್ ಹಳೆಯ ಫೋಟೋಗಳನ್ನೆಲ್ಲ ತೆಗೆಸಿ, ಪ್ರೊಫೈಲಿನಲ್ಲಿದ್ದ ಊರು, ಫೋನ್ ನಂಬರು, ಹೆಂಡತಿಯ ಹೆಸರನ್ನೂ ಅಳಿಸಿ, "ಇನ್ನೊಂದ್ ಸಲ ಮಗು ವಿಷ್ಯ ಅಲ್ಲಿ ಹಾಕಿದ್ರೆ ಕಂಪ್ಯೂಟರ್‌ನ ಗುಜರಿಗೆ ಹಾಕ್ತೀನಿ" ಎಂದಿದ್ದ.

ಭಾನುವಾರ ಜಗದಾಂಬಾ ಮೆಲ್ಲಗೆ ಕೇಳಿದಳು. "ರೀ, ಯಾರು ಅಂತ ಹೇಳ್ದೆ, ಓಡಿದ್ದನ್ನ ಮಾತ್ರ ಹೇಳಿದ್ರೆ?"

"ಹೆಸ್ರಿಲ್ಲ ಊರಿಲ್ಲ ಅಂದ್ರೆ ಯಾರು ನಂಬ್ತಾರೆ?"

ಬತ್ತಿ ಹೊಸೆಯುತ್ತಿದ್ದ ಅತ್ತೆ ಮುನಿತಾಯಮ್ಮ ತಲೆಯೆತ್ತಿದರು. "ನಿನಗೆ ಮುಂಚೆ ಎರಡು ಕೂಸು ಕಳ್ಕೊಂಡೆ ಕಣೋ. ನೀನು ಹುಟ್ಟಿದಾಗ ಮೊರದಲ್ಲಿಟ್ಟು ತಿಪ್ಪೆ ಮೇಲೆ ಮಲಗಿಸಿ ತಂದು, ತಿಪ್ಪ ಅಂತ ಕರೆದ್ವಿ. ಐದು ವರ್ಷ ವೆಂಕಟೇಶ ಅನ್ನೋ ಹೆಸರು ನಾನೂ ಆ ದೇವರೂ ಇಬ್ಬರೇ ಬಲ್ಲೋರು. ಯಾವ ಕೆಟ್ಟ ಕಣ್ಣೂ ತಿಪ್ಪನ್ನ ಹುಡುಕ್ಕೊಂಡು ಬರಲಿಲ್ಲ. ಹಂಗಂತ ನೀನು ಸುಳ್ಳಾಗ್ಬಿಟ್ಟೆಯಾ?"

"ಅಪ್ಪಾ, ನೀನು ತಿಪ್ಪಾನಾ?" ಕೀರ್ತನಾ ನೆಲಕ್ಕೆ ಬಿದ್ದು ಹೊರಳಿ ನಕ್ಕಳು. "ಹಂಗಾದ್ರೆ ನಾನು ತಿಪ್ಪಿ! ಅಮ್ಮಾ, ಹಾಗೇ ಹಾಕು."

ವೆಂಕಟೇಶ್ ನಗು ತಡೆಯಲು ನೋಡಿ ಸೋತ. "ಸರಿ. ಆದ್ರೆ ಮೊದ್ಲು ನಾನು ನೋಡ್ತೀನಿ."

ಓಟದ ದಿನದ ಫೋಟೋಗಳನ್ನು ಒಂದೊಂದೇ ತೆಗೆದು ನೋಡಿದರು. ಒಂದರಲ್ಲಿ ಎದೆಯ ಮೇಲೆ ಶಾಲೆಯ ಹೆಸರು. ಇನ್ನೊಂದರಲ್ಲಿ ಹಿಂದೆ ಮೈದಾನದ ಬೋರ್ಡು. ಪ್ರಶಸ್ತಿ ಪತ್ರದಲ್ಲಂತೂ ಅಪ್ಪನ ಹೆಸರು ಸಮೇತ ಎಲ್ಲ. ಯಾವುದೂ ಆಗದು. ಕೊನೆಗೆ ಬರಿಯ ಬಿಳಿ ಗೋಡೆಯ ಮುಂದೆ ಕೀರ್ತನಾಳ ಅಂಗೈ ಮೇಲೆ, ಅಕ್ಷರವಿಲ್ಲದ ಮಗ್ಗುಲು ಮೇಲಾಗಿ ಪದಕವಿಟ್ಟು, ಪಕ್ಕದಲ್ಲಿ ನೀಲಿ ಇನ್ಹೇಲರ್ ಇಟ್ಟು ಹೊಸದಾಗಿ ಫೋಟೋ ತೆಗೆದರು. ಜಗದಾಂಬಾ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟಿದಳು:

"ನಮ್ಮ ತಿಪ್ಪಿಗೆ ಉಬ್ಬಸ. ಡಾಕ್ಟರು ಹೇಳಿದ ಹಾಗೆ ಓಟಕ್ಕೆ ಮುಂಚೆ ಔಷಧಿ ಎಳೆದುಕೊಂಡು, ಒಂದು ವರ್ಷ ಸ್ವಲ್ಪ ಸ್ವಲ್ಪವೇ ಓಡಿದಳು. ಮೊನ್ನೆ ನಾನೂರು ಮೀಟರ್‌ನಲ್ಲಿ ಎಲ್ಲರಿಗಿಂತ ಮುಂದೆ ಬಂದಳು. ಕೊನೇ ತಿರುವಿನಲ್ಲಿ ನಾನು ಕಣ್ಣು ಮುಚ್ಚಿಕೊಂಡಿದ್ದೆ. ಅವಳು ಮುಚ್ಚಿರಲಿಲ್ಲ."

ವೆಂಕಟೇಶ್ ಎರಡು ಸಲ ಓದಿ, "ಹಾಕು" ಎಂದ.

ಗಂಟೆಯೊಳಗೆ ಫೋಟೋದ ಕೆಳಗೆ ಮೈದುನ ದರ್ಶನ್ ಬರೆದೇಬಿಟ್ಟ: "ಅತ್ತಿಗೆ, ಸೂಪರ್! ನಮ್ಮ ಕೀರ್ತು ತಾನೆ? ಸ್ಕೂಲ್ ಹೆಸ್ರು ಹಾಕೋಕೆ ನಾಚಿಕೆನಾ?" ಮುಂದೆ ಶಾಲೆಯ ಹೆಸರೂ ಇತ್ತು. ಜಗದಾಂಬಾ ತಕ್ಷಣ ಆ ಸಾಲನ್ನು ಅಳಿಸಿ ಅವನಿಗೆ ಫೋನ್ ಮಾಡಿದಳು.

"ಅಯ್ಯೋ ಸಾರಿ ಅತ್ತಿಗೆ, ಹೊಳೀಲೇ ಇಲ್ಲ. ಮತ್ತೆ ಏನಂತ ಬರೀಲಿ?"

"ತಿಪ್ಪಿಗೆ ಜೈ ಅಂತ ಬರಿ ಕಣೋ."

ಹಾಗೇ ಬರೆದ. ಅವನ ಹಿಂದೆ ಗುಂಪಿನ ತಾಯಂದಿರೆಲ್ಲ ತಿಪ್ಪಿಗೆ ಜೈ ಎಂದರು. ಯಾವ ಶಾಲೆ, ಯಾವ ಊರು ಎಂದು ಒಬ್ಬರೂ ಕೇಳಲಿಲ್ಲ. ಕೇಳಿದ್ದು, ಮೊದಲ ದಿನ ಎಷ್ಟು ದೂರ ಓಡಿದಳು, ದಣಿದಾಗ ಏನು ಮಾಡಿದಿರಿ ಎಂದು. ಜಗದಾಂಬಾ ಕೂತು ಒಬ್ಬೊಬ್ಬರಿಗೂ ಉತ್ತರ ಕೊಟ್ಟಳು.

ಗುರುವಾರ ಸಂಜೆ ವಿಜಯಶ್ರೀಯ ಉತ್ತರ ಬಂತು. ಜಗದಾಂಬಾ ಅತ್ತೆಗೆ ಕೇಳಲೆಂದು ಗಟ್ಟಿಯಾಗಿ ಓದಿದಳು: "ಅಕ್ಕಾರ, ಡಾಕ್ಟರನ್ನ ಇನ್ನೊಮ್ಮೆ ಕೇಳಿ ಇವತ್ತ ಮಗನ್ನ ಓಣ್ಯಾಗ ಬಿಟ್ಟೆ. ಕಂಬದ ತನಕ ಓಡಿ, ತಿರುಗಿ ನನ್ನ ಕಡೆ ನೋಡಿ, ಮತ್ತ ಓಡ್ಯಾನ್ರಿ. ಊಟಕ್ಕ ಕರದ್ರ ಬರವಲ್ಲ!"

ಮುನಿತಾಯಮ್ಮ ಕೈಮುಗಿದರು. "ಬರೋದು ಬೇಡ, ಆಡ್ಲಿ ಬಿಡು" ಎಂದರು.